ದೀಪಾವಳಿ ಆದಮೇಲೆ ಮಾವಿನ ಟೊಂಗೆ ಕಡಿದದ್ದು

ಧಾರವಾಡದ ಹತ್ತಿರ ನಮ್ಮದೊಂದು ಸಣ್ಣ ಆಪೂಸ್ ತೋಟ. ಒಂದು ವರ್ಷ ದೀಪಾವಳಿ ಮುಗಿದ ವಾರದಲ್ಲಿ, ಕೈ ಖಾಲಿ ಇದೆ ಅಂತ, ದಟ್ಟವಾಗಿ ಬೆಳೆದ ಒಂದು ಗಿಡದ ತುದಿಗಳನ್ನೆಲ್ಲ ಸವರಿಬಿಟ್ಟೆ. ತಿಂಗಳೊಳಗೆ ಗಿಡದ ತುಂಬ ತಾಮ್ರದ ಬಣ್ಣದ ಚಿಗುರು. ನೋಡಿ ಖುಷಿಪಟ್ಟೆ. ಪಕ್ಕದ ಹೊಲದ ಕಾಕಾ ಬಂದವರು ನಕ್ಕರು: "ತಮ್ಮಾ, ಈ ವರ್ಷ ಎಲಿ ತಿನ್ನು."

ಅವರು ಹೇಳಿದಂತೆಯೇ ಆಯ್ತು. ಮಾವು ಹೂ ಬಿಡುವುದು ಟೊಂಗೆಯ ತುದಿಯಲ್ಲಿ, ಅದೂ ಕೆಲವು ತಿಂಗಳು ಬಲಿತ ತುದಿಯಲ್ಲಿ. ಎಲೆ ಕಡು ಹಸಿರಾಗಿ ಗಡುಸಾಗಿರಬೇಕು. ಆಮೇಲೆ ಚಳಿಗಾಲದ ತಂಪು ರಾತ್ರಿಗಳು ಬಂದಾಗ ಆ ತುದಿಯ ಮೊಗ್ಗು ಹೂವಾಗುತ್ತದೆ. ಎಳೆ ಚಿಗುರಲ್ಲಿ ಜಿಬ್ಬರೆಲಿನ್ ಎಂಬ ಹಾರ್ಮೋನು ಜಾಸ್ತಿ, ಅದು ಹೂವನ್ನು ತಡೆಯುತ್ತದೆ. ಬಲಿತ ತುದಿಗಳನ್ನೆಲ್ಲ ನಾನೇ ಕಡಿದು ಹಾಕಿದ್ದೆ. ಉಳಿದದ್ದು ಬರೀ ಎಳೆ ಚಿಗುರು. ಇನ್ನು ಹೂವು ಎಲ್ಲಿಂದ ಬರಬೇಕು?

ಸವರಬೇಕಾದದ್ದು ಹಣ್ಣು ಇಳಿಸಿದ ಕೂಡಲೇ, ಮಿರಗದ ಮಳೆಯ ಹೊತ್ತಿಗೆ. ಆಗ ಮಳೆಗಾಲದಲ್ಲಿ ಬಂದ ಚಿಗುರು ಚಳಿ ಬೀಳುವಷ್ಟರಲ್ಲಿ ಬಲಿತಿರುತ್ತದೆ.

ಇನ್ನು ಎಲ್ಲಿ ಕಡಿಯಬೇಕು? ಮಧ್ಯಾಹ್ನ ಗಿಡದ ಬುಡದಲ್ಲಿ ನಿಂತು ನೆಲ ನೋಡಿ. ಬಿಸಿಲಿನ ಚುಕ್ಕೆಗಳೇ ಕಾಣದಿದ್ದರೆ ಒಳಗೆ ಬೆಳಕಿಲ್ಲ ಎಂದೇ ಅರ್ಥ. ಅಂಥ ಗಿಡದ ಒಳಟೊಂಗೆಗಳು ಬೋಳಾಗಿರುತ್ತವೆ, ಕಾಯಿ ಹೊರಸುತ್ತಿನಲ್ಲಿ ಮಾತ್ರ. ನೆರಳಿನ ಹಣ್ಣಿಗೆ ಬಣ್ಣವೂ ಸರಿಯಾಗಿ ಬರಲ್ಲ. ಗಾಳಿ ಆಡದ ಆ ತೇವದ ಮೂಲೆ ಜಿಗಿಹುಳಕ್ಕೆ ಒಳ್ಳೆ ಮನೆ.

ಮರುವರ್ಷ ಜೂನಿನಲ್ಲಿ ಕಾಕಾನೇ ಮುಂದೆ ನಿಂತು ತೋರಿಸಿದರು. ತುದಿಗಳ ತಂಟೆಗೆ ಹೋಗಲೇ ಇಲ್ಲ. ನಟ್ಟನಡುವೆ ನೇರ ಮೇಲಕ್ಕೆ ಹೋಗಿದ್ದ ಎರಡು ದಪ್ಪ ಟೊಂಗೆ ತೆಗೆಸಿದರು, ಜೊತೆಗೆ ಒಣಗಿದ್ದು, ಒಂದಕ್ಕೊಂದು ಉಜ್ಜುತ್ತಿದ್ದದ್ದು. ಅಷ್ಟೇ. ದಪ್ಪ ಟೊಂಗೆಗೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಬೇಕು, ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ. ಇಲ್ಲದಿದ್ದರೆ ಟೊಂಗೆ ತನ್ನ ಭಾರಕ್ಕೆ ಮುರಿದು, ಬೊಡ್ಡೆಯ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ. ಉಳಿದ ತುಂಡನ್ನು ಕೊನೆಗೆ ಕೊಯ್ಯಬೇಕು, ಟೊಂಗೆಯ ಬುಡದ ಉಬ್ಬಿಗೆ ಪೆಟ್ಟಾಗದಂತೆ. ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿದೆವು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಹತ್ತು ಲೀಟರ್ ನೀರು. ಪ್ಲಾಸ್ಟಿಕ್ ಬಕೆಟ್ಟೇ ಬೇಕು, ಕಬ್ಬಿಣವನ್ನು ಅದು ತಿನ್ನುತ್ತದೆ.

ಗಿಡ ಬೋಳಾಗುವಂತೆ ಎಲ್ಲ ದೊಡ್ಡ ಟೊಂಗೆಗಳನ್ನೂ ಒಂದೇ ಸಲ ಕಡಿಯುವವರಿದ್ದಾರೆ. ಅದು ಮುದಿ ಗಿಡಕ್ಕೆ ಮರುಹುಟ್ಟು ಕೊಡುವ ಬೇರೆಯೇ ಕೆಲಸ, ಎರಡು-ಮೂರು ವರ್ಷ ಫಸಲು ಮರೆತು ಮಾಡುವಂಥದ್ದು. ನಮ್ಮದಕ್ಕೆ ಅದು ಬೇಕಿರಲಿಲ್ಲ. ಆ ಜನವರಿಯಲ್ಲಿ ಗಿಡದ ನಡುಭಾಗದ ಒಳಗೂ ಹೂಗೊಂಚಲು ಕಂಡವು, ಏಣಿಯಿಲ್ಲದೆ ಕೈಗೆ ಸಿಗುವಷ್ಟು ಕೆಳಗೆ.