ವಿಷಲ್ ಎತ್ತಿದರೂ ಸದ್ದಿಲ್ಲ ಅಂದ್ರೆ ಮುಚ್ಚಳ ಮುಟ್ಟಬೇಡಿ

"ಅಣ್ಣಾ, ಕುಕ್ಕರ್ ಕೂಗ್ತಾನೇ ಇಲ್ಲ, ಪಕ್ಕದಲ್ಲೆಲ್ಲ ಆವಿ ಹೋಗ್ತಿದೆ." ನಮ್ಮ ರಿಪೇರಿ ಅಂಗಡಿಗೆ ಬರುವವರು ಹೆಚ್ಚಾಗಿ ಹೇಳೋದು ಇದನ್ನೇ. ಅಷ್ಟರಲ್ಲಿ ಹೊಸ ಗ್ಯಾಸ್ಕೆಟ್ ಹಾಕಿ ನೋಡಿಯೂ ಇರ್ತಾರೆ. ಮುಚ್ಚಳ ಮಗುಚಿ ನೋಡಿದರೆ, ವಿಷಲ್ ಕೂರುವ ನಳಿಕೆ ಕಟ್ಟಿಕೊಂಡಿರುತ್ತದೆ.

ಮೊನ್ನೆ ಬಂದಿದ್ದು ಮೂರು ಲೀಟರ್‌ ಕುಕ್ಕರ್, ಹೊರಮುಚ್ಚಳದ್ದು. ಬಸ್ಸಾರಿಗೆ ಅಂತ ತೊಗರಿಬೇಳೆ, ದಂಟಿನ ಸೊಪ್ಪು ಒಟ್ಟಿಗೆ ಹಾಕಿ ಮುಕ್ಕಾಲು ತುಂಬಿಸಿ ಇಟ್ಟಿದ್ದರಂತೆ. ಬೇಳೆ ನೊರೆ ಬರುವ ಪದಾರ್ಥ, ಅದಕ್ಕೆ ಅರ್ಧಕ್ಕಿಂತ ಜಾಸ್ತಿ ತುಂಬಿಸಬಾರದು. ನೊರೆಯ ಜೊತೆ ಸೊಪ್ಪಿನ ಚೂರೂ ಮೇಲೇರಿ ನಳಿಕೆಗೆ ಸಿಕ್ಕಿಕೊಂಡಿದೆ. ಕೂಗಲಿಲ್ಲವಲ್ಲ ಅಂತ ಆಕೆ ಒಲೆ ಆರಿಸಿ ಚಮಚದಲ್ಲಿ ವಿಷಲ್ ಎತ್ತಿದ್ದಾರೆ. ಸುಯ್ ಅನ್ನಲಿಲ್ಲ. ಆವಿ ಇಲ್ಲ ಅಂದುಕೊಂಡು ಮುಚ್ಚಳ ತಿರುಗಿಸಿದ್ದಾರೆ, ಬೇಳೆಯೆಲ್ಲ ಚಾವಣಿಗೆ ಹಾರಿದೆ. ಪುಣ್ಯಕ್ಕೆ ಮುಖಕ್ಕೆ ಸಿಡಿಯಲಿಲ್ಲ.

ದಾರಿ ತೆರೆದಿದ್ದರೆ ಮಾತ್ರ ಸದ್ದಿಲ್ಲ ಅನ್ನೋದಕ್ಕೆ ಆವಿ ಇಲ್ಲ ಅಂತ ಅರ್ಥ. ನಳಿಕೆ ಕಟ್ಟಿದ್ದರೆ ಒಳಗೆ ಪೂರ್ತಿ ಒತ್ತಡ ಇದ್ದರೂ ಸದ್ದು ಬರೋದಿಲ್ಲ. ಹಾಗಾಗಿ ಅನುಮಾನ ಬಂದ ಕೂಡಲೇ ಒಲೆ ಆರಿಸಿ, ವಿಷಲ್ ಮುಟ್ಟದೆ, ಮುಚ್ಚಳ ಕೈಗೆ ತಣ್ಣಗೆ ತಾಗುವವರೆಗೆ ಬಿಡಿ. ಅರ್ಧ ಗಂಟೆಗಿಂತ ಜಾಸ್ತಿನೂ ಬೇಕಾಗಬಹುದು. ಆಮೇಲೂ ಮುಚ್ಚಳ ಬಿಗಿಯಾಗಿದ್ದರೆ ಜೋರು ಮಾಡಬೇಡಿ, ಇನ್ನೂ ಕಾಯಿರಿ.

ವಿಷಲ್ಲೇ ಅಂಟಿಕೊಂಡು ಬರ್ತಿಲ್ಲ ಅಂದ್ರೆ, ಕುಕ್ಕರ್ ತಣಿದು ಮುಚ್ಚಳ ತೆಗೆದ ಮೇಲೆ ಅದನ್ನು ಬಿಸಿನೀರಲ್ಲಿ ಮಗುಚಿ ನೆನೆಸಿ. ಒಣಗಿದ ಬೇಳೆ ಮೆತ್ತಗಾಗುತ್ತದೆ. ಆಮೇಲೆ ಎಡಕ್ಕೆ ಬಲಕ್ಕೆ ಸ್ವಲ್ಪ ಆಡಿಸುತ್ತಾ ನೇರ ಮೇಲಕ್ಕೆ ಎಳೆಯಿರಿ. ಸ್ಕ್ರೂ ಡ್ರೈವರ್ ಹಾಕಿ ಮೀಟಿದರೆ ನಳಿಕೆ ಸೊಟ್ಟಗಾಗುತ್ತದೆ, ಮತ್ತೆ ವಿಷಲ್ ಸರಿಯಾಗಿ ಕೂರೋದಿಲ್ಲ. ಸೋಡಾ ಪುಡಿ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತದೆ.

ನಳಿಕೆಗೆ ಮುಚ್ಚಳದ ಒಳಗಡೆಯಿಂದ ತೆಳು ತಂತಿ ಹಾಕಿ. ಪೊರಕೆ ಕಡ್ಡಿ ಬೇಡವೇ ಬೇಡ, ಅದು ಒಳಗೇ ಮುರಿಯುತ್ತದೆ. ಅದನ್ನು ತೆಗೆಯೋದೇ ನಮಗೆ ಇನ್ನೊಂದು ಕೆಲಸ! ತಂತಿ ಆಡಿಸಿ, ನಲ್ಲಿ ಕೆಳಗೆ ಹಿಡಿದು, ಬೆಳಕಿಗೆ ಎತ್ತಿ ನೋಡಿ. ತೂತು ಪೂರ್ತಿ ಗುಂಡಗೆ ಕಾಣಬೇಕು. ಅಂಚಲ್ಲಿ ಚೂರು ಮಬ್ಬು ಕಂಡರೂ ಇನ್ನೊಮ್ಮೆ ನೆನೆಸಿ.

ಸೇಫ್ಟಿ ವಾಲ್ವ್ ವಿಷಯ ಬೇರೆ. ಸಾಮಾನ್ಯ ಕುಕ್ಕರ್‌ಗಳಲ್ಲಿ ಅದರ ನಡುವೆ ಬೇಗ ಕರಗುವ ಲೋಹ ಇರುತ್ತದೆ. ನೀರು ಬತ್ತಿ ಕುಕ್ಕರ್ ಅತಿಯಾಗಿ ಕಾದಾಗ ಅದು ಕರಗಿ ಆವಿಗೆ ದಾರಿ ಬಿಡುತ್ತದೆ. ಅದಕ್ಕೆ ಸೂಜಿ ಚುಚ್ಚಬೇಡಿ. ಒಳಗಡೆ ಮೆತ್ತಿದ ಬೇಳೆಯನ್ನು ನೆನೆಸಿ, ಹಳೇ ಟೂತ್ ಬ್ರಶ್‌ನಿಂದ ಉಜ್ಜಿದರೆ ಸಾಕು. ನಡುವಿನ ಲೋಹ ಕರಗಿ ತೂತಾಗಿದ್ದರೆ ಎಂ-ಸೀಲ್ ಮೆತ್ತುವವರಿದ್ದಾರೆ. ಅಂಥ ಕುಕ್ಕರ್ ಬಂದರೆ ನಾನು ಹೊಸ ವಾಲ್ವ್ ಹಾಕದೆ ವಾಪಸ್ ಕೊಡೋದಿಲ್ಲ, ಅದೂ ಆ ಕಂಪನಿಯ ಆ ಮಾಡೆಲ್‌ನದ್ದೇ.