ಪೇಪರ್ ಕಪ್ಪಿನಲ್ಲಿ ನವಸಾಗರ ಕರಗಿಸಿ ಉಷ್ಣ ಅಳೆಯುವುದು

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಈ ಪ್ರಯೋಗ ಮಾಡುವುದು ಸುಲಭ. ಉತ್ತರ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬರುತ್ತದೆ. ಯಾಕೆ ಹಾಗಾಗುತ್ತದೆ ಎಂಬುದನ್ನು ಅಮೋನಿಯಂ ಕ್ಲೋರೈಡ್ ಇಟ್ಟುಕೊಂಡು ನೋಡೋಣ. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಲೆಕ್ಕಕ್ಕೆ ಶುದ್ಧ ಪುಡಿ ಬೇಕು, ಲ್ಯಾಬಿನ ಬಾಟಲಿಯದನ್ನೇ ತೆಗೆದುಕೊಳ್ಳಿ.

ಥರ್ಮಾಕೋಲ್ ಕಪ್ ಸಿಗದಿದ್ದರೆ ಚಹಾದ ಪೇಪರ್ ಕಪ್ ಎರಡನ್ನು ಒಂದರೊಳಗೊಂದು ಇಟ್ಟು, ಅಲುಗಾಡದಂತೆ ಬೀಕರಿನಲ್ಲಿ ಕೂರಿಸಿ. ಟಿವಿ ಡಬ್ಬಿಯೊಳಗೆ ಬರುವ ಥರ್ಮಾಕೋಲ್ ತುಂಡನ್ನು ದುಂಡಗೆ ಕತ್ತರಿಸಿ ಥರ್ಮಾಮೀಟರಿಗೆ ತೂತು ಮಾಡಿದರೆ ಮುಚ್ಚಳವೂ ಆಯಿತು. ಥರ್ಮಾಮೀಟರ್ 0.1 ಡಿಗ್ರಿ ತೋರಿಸುವಂಥದ್ದಿರಲಿ. ಒಂದು ಡಿಗ್ರಿಗೆ ಒಂದು ಗೆರೆ ಇರುವುದರಲ್ಲಿ ಅಂದಾಜಿನ ತಪ್ಪೇ ಅರ್ಧ ಡಿಗ್ರಿಯವರೆಗೆ ಹೋಗಬಹುದು.

ನೀರಿನ ವಿಷಯದಲ್ಲಿ ಹುಬ್ಬಳ್ಳಿಯ ಮಾರ್ಚ್ ಬಿಸಿಲನ್ನು ಮರೆಯಬಾರದು. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನಿಂದ ಬರುವ ನೀರು ಕೋಣೆಗಿಂತ ಬಿಸಿ, ಮಡಕೆಯ ನೀರು ತಣ್ಣಗೆ. ಎರಡರಲ್ಲೂ ಪುಡಿ ಹಾಕುವ ಮೊದಲೇ ಉಷ್ಣತೆ ಸರಿಯುತ್ತಿರುತ್ತದೆ. ನಮ್ಮ ಲ್ಯಾಬ್ ಅಟೆಂಡರ್ ಕಾಕಾ ಹೇಳುವುದು ಇಷ್ಟೇ: "ನೀರ ಮುಂಜಾನೆನ ತುಂಬಿಡ್ರಿ, ಮಧ್ಯಾಹ್ನದ ನಳದ ನೀರ ಬ್ಯಾಡ."

ಕಪ್ಪಿಗೆ 100 ಮಿ.ಲೀ. ನೀರು ಹಾಕಿ. ಅಮೋನಿಯಂ ಕ್ಲೋರೈಡಿನ ಒಂದು ಮೋಲ್ ಎಂದರೆ 53.5 ಗ್ರಾಂ. ನಮಗೆ 0.2 ಮೋಲ್, ಅಂದರೆ 10.7 ಗ್ರಾಂ ಸಾಕು. ಧಾರವಾಡದ ಮಳೆಗಾಲದ ಥಂಡಿಗೆ ಪುಡಿ ಗಂಟು ಕಟ್ಟಿದ್ದರೆ ಅರೆದುಕೊಳ್ಳಿ. ಗಂಟು ಕರಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಹೊರಗಿನ ಬಿಸಿ ಒಳಗೆ ಬಂದಿರುತ್ತದೆ.

ಮೊದಲ ಮೂರು ನಿಮಿಷ ನೀರಿನ ಉಷ್ಣತೆ ಮಾತ್ರ ಬರೆದುಕೊಂಡು, ಸರಿಯಾಗಿ ನಾಲ್ಕನೇ ನಿಮಿಷಕ್ಕೆ ಪುಡಿ ಹಾಕಿ ಕಲಕುತ್ತ ಹೋಗಿ. ಅಂಕಿಗಳು ಹೀಗೆ ಬಂದವು ಎಂದುಕೊಳ್ಳೋಣ: ಮೊದಲು 29.0 ಡಿಗ್ರಿ ಸ್ಥಿರ. ಐದನೇ ನಿಮಿಷಕ್ಕೆ 22.5, ಆರಕ್ಕೂ 22.5, ಏಳಕ್ಕೆ 22.7, ಎಂಟಕ್ಕೆ 22.9, ಒಂಬತ್ತಕ್ಕೆ 23.1.

ಕಂಡ ಅತಿ ಕಡಿಮೆ ಅಂಕಿ 22.5 ಎಂದು ಅದನ್ನೇ ಹಿಡಿದರೆ ಇಳಿಕೆ 6.5 ಡಿಗ್ರಿ. ಇದು ನಿಜವಾದ ಇಳಿಕೆಯಲ್ಲ. ಆರನೇ ನಿಮಿಷದ ನಂತರ ಉಷ್ಣತೆ ನಿಮಿಷಕ್ಕೆ 0.2 ಡಿಗ್ರಿಯಂತೆ ಏರುತ್ತಿದೆ, ಅದು ಕೋಣೆಯಿಂದ ಸೋರಿ ಬಂದ ಉಷ್ಣ. ಪುಡಿ ಕರಗುತ್ತಿದ್ದಾಗಲೂ ಆ ಸೋರಿಕೆ ನಡೆದೇ ಇತ್ತು. ಆದ್ದರಿಂದ ಗ್ರಾಫ್ ಹಾಳೆಯಲ್ಲಿ ಆರರಿಂದ ಒಂಬತ್ತರವರೆಗಿನ ನೇರ ಗೆರೆಯನ್ನು ಹಿಂದಕ್ಕೆ, ನಾಲ್ಕನೇ ನಿಮಿಷದವರೆಗೆ ಎಳೆಯಿರಿ. ಅಲ್ಲಿ 22.1 ಸಿಗುತ್ತದೆ. ಇಳಿಕೆ 6.9 ಡಿಗ್ರಿ.

ಇನ್ನು ಸೂತ್ರ: q = m × c × ΔT. ಇಲ್ಲಿ m ಯಾವುದರ ತೂಕ? ನೀರಿನ 100 ಗ್ರಾಮೋ, ಒಟ್ಟು ದ್ರಾವಣದ 110.7 ಗ್ರಾಮೋ? ಒಟ್ಟು ತೂಕ ಹಾಕುವುದೇ ಸರಿ ಅನ್ನಿಸುತ್ತದೆ. ಆದರೆ ಹಾಗೆ ಹಾಕಿದರೆ c ಕೂಡ ದ್ರಾವಣದ್ದೇ ಆಗಬೇಕು, ನೀರಿನ 4.18 ಅಲ್ಲ. ಲವಣದ ಅಯಾನುಗಳು ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿಡುವುದರಿಂದ ದ್ರಾವಣದ ವಿಶಿಷ್ಟ ಉಷ್ಣ ನೀರಿನದಕ್ಕಿಂತ ಕಡಿಮೆ. ಈ ದ್ರಾವಣದ ಒಟ್ಟು ಉಷ್ಣಧಾರಣೆ ಹೆಚ್ಚೂಕಡಿಮೆ ಅದರಲ್ಲಿರುವ ನೀರಿನದಷ್ಟೇ. ಹಾಗಾಗಿ 4.18 ಬಳಸುವುದಾದರೆ ನೀರಿನ ತೂಕವನ್ನೇ ಹಾಕುವುದು ನಿಜಕ್ಕೆ ಹತ್ತಿರ.

q = 100 × 4.18 × 6.9 = 2884 ಜೂಲ್. 0.2 ಮೋಲಿನಿಂದ ಭಾಗಿಸಿದರೆ ಮೋಲಿಗೆ 14.4 ಕಿಲೋಜೂಲ್. ಪುಸ್ತಕದಲ್ಲಿರುವ ಮೌಲ್ಯ ಸುಮಾರು 14.8. ಗ್ರಾಫ್ ಎಳೆಯದೆ 6.5 ಹಾಕಿದ್ದರೆ 13.6 ಬರುತ್ತಿತ್ತು. 110.7 ಗ್ರಾಂ ಜೊತೆ 4.18 ಹಾಕಿದ್ದರೆ 16.0. ಗ್ರಾಫೂ ಎಳೆಯದೆ, 110.7ನ್ನೂ ಹಾಕಿದವರಿಗೆ 15.0 ಬರುತ್ತದೆ! ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಪೂರ್ತಿ ಅಂಕ ಸಿಗುವ ಜಾಗ ಇದು. ದ್ರಾವಣ ತಣ್ಣಗಾದದ್ದರಿಂದ ಕ್ರಿಯೆ ಅಂತರುಷ್ಣಕ, ΔH ಧನ ಚಿಹ್ನೆಯದು. ಉಷ್ಣತೆ ಇಳಿಯಿತೆಂದು ಋಣ ಚಿಹ್ನೆ ಹಾಕಬೇಡಿ.

14.4 ಸ್ವಲ್ಪ ಕಡಿಮೆ ಬಂದದ್ದೇಕೆ? ಕಪ್ಪಿನ ಒಳಮೈ ಮತ್ತು ಥರ್ಮಾಮೀಟರ್ ಕೂಡ ತಣ್ಣಗಾಗಿವೆ, ಅವು ಕೊಟ್ಟ ಉಷ್ಣವನ್ನು ನಾವು ಎಣಿಸಿಲ್ಲ. ಅದನ್ನು ಅಳೆಯಲು ಅದೇ ಕಪ್ಪಿನಲ್ಲಿ 29.0 ಡಿಗ್ರಿಯ 50 ಮಿ.ಲೀ. ನೀರಿಟ್ಟು, 49.0 ಡಿಗ್ರಿಯ 50 ಮಿ.ಲೀ. ನೀರು ಸುರಿಯಿರಿ. ಕಪ್ ಏನನ್ನೂ ಹೀರದಿದ್ದರೆ 39.0 ಆಗಬೇಕಿತ್ತು. ಇಲ್ಲೂ ಗೆರೆ ಹಿಂದಕ್ಕೆ ಎಳೆದಾಗ 38.7 ಬಂತು ಎನ್ನಿ. 50 ಗ್ರಾಂ ನೀರಿಗೆ 50 × 4.18 = 209. ಬಿಸಿನೀರು ಕೊಟ್ಟದ್ದು 209 × 10.3 = 2153 ಜೂಲ್, ತಣ್ಣೀರು ಪಡೆದದ್ದು 209 × 9.7 = 2027. ಉಳಿದ 126 ಜೂಲ್ ಕಪ್ಪಿಗೆ ಹೋಯಿತು, ಅಂದರೆ ಡಿಗ್ರಿಗೆ ಸುಮಾರು 13. ಈಗ (418 + 13) × 6.9 = 2974, ಮೋಲಿಗೆ 14.9. ಮಿಶ್ರಣದ ಉಷ್ಣತೆ 38.7ರ ಬದಲು 38.6 ಓದಿದ್ದರೆ ಕಪ್ಪಿನ ಪಾಲು 13ರಿಂದ 17ಕ್ಕೆ ಜಿಗಿಯುತ್ತದೆ, ಉತ್ತರ 15.0 ಆಗುತ್ತದೆ. ಆದ್ದರಿಂದ ಕ್ಯಾಲ್ಕುಲೇಟರ್ 14.87 ತೋರಿಸಿದರೂ ರೆಕಾರ್ಡಿನಲ್ಲಿ 14.9ರ ಮುಂದೆ ಅಂಕಿ ಬರೆಯಬೇಡಿ.