ಹೊಸ ರೂಂಮೇಟ್‌ಗಳ ಜೊತೆ ಕೆಲಸ, ನೆಂಟರು, ನಿದ್ದೆಯ ಮಾತು ಎತ್ತುವುದು ಹೇಗೆ?

ಪ್ರಶ್ನೆ: ದಾವಣಗೆರೆಯ ವಿದ್ಯಾನಗರದಲ್ಲಿ ನಾವು ನಾಲ್ವರು ಹುಡುಗಿಯರು ಎರಡು ಬೆಡ್‌ರೂಮಿನ ಮನೆ ಹಿಡಿದಿದ್ದೇವೆ. ಒಬ್ಬ ಅಕ್ಕ ಆಸ್ಪತ್ರೆಯಲ್ಲಿ ನರ್ಸ್, ಪಾಳಿ ಕೆಲಸ. ಇಬ್ಬರು ಇಂಜಿನಿಯರಿಂಗ್ ಓದುತ್ತಾರೆ, ನಾನು ಬ್ಯಾಂಕ್ ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಮನಸ್ತಾಪ ಬರುವ ಮೊದಲೇ ಎಲ್ಲವನ್ನೂ ಮಾತಾಡಿಕೊಳ್ಳಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲ ವಾರದಲ್ಲೇ, ನಾಲ್ವರೂ ಮನೆಯಲ್ಲಿರುವ ಒಂದು ಸಂಜೆ ಊಟವಾದ ಮೇಲೆ ಕೂತುಕೊಳ್ಳಿ. ಮುಕ್ಕಾಲು ಗಂಟೆ ಸಾಕು. ಯಾರದೋ ಎಂಜಲು ತಟ್ಟೆ ಸಿಂಕಿನಲ್ಲಿ ಕಂಡ ದಿನ ಮಾತ್ರ ಬೇಡ. ಅವತ್ತು ಏನು ಹೇಳಿದರೂ ಅವರಿಗೆ ಬೈದ ಹಾಗೆಯೇ ಕೇಳಿಸುತ್ತದೆ.

ನಿದ್ದೆಯ ಹೊತ್ತಿನಿಂದ ಶುರು ಮಾಡಿ. ಇದರಲ್ಲಿ ಯಾರ ತಪ್ಪೂ ಇರುವುದಿಲ್ಲ, ಆದ್ದರಿಂದ ಮಾತು ಸಲೀಸಾಗಿ ಬರುತ್ತದೆ. ಯಾರು ಎಷ್ಟು ಹೊತ್ತಿಗೆ ಮಲಗುತ್ತಾರೆ, ಏಳುತ್ತಾರೆ ಎಂದು ಒಬ್ಬೊಬ್ಬರೇ ಹೇಳಲಿ, ಚಿಕ್ಕವರು ಮೊದಲು. ಅಕ್ಕ ಮೊದಲು ಹೇಳಿಬಿಟ್ಟರೆ ಉಳಿದವರು ‘ಆಯ್ತಕ್ಕಾ’ ಅಂದು ಸುಮ್ಮನಾಗುತ್ತಾರೆ, ಒಳಗೆ ಒಪ್ಪಿರುವುದಿಲ್ಲ. ‘ರಾತ್ರಿ ಗಲಾಟೆ ಮಾಡಬೇಡಿ’ ಎನ್ನುವ ಬದಲು ‘ನಾನು ಐದಕ್ಕೆ ಏಳ್ತೀನಿ, ಹತ್ತೂವರೆ ಮೇಲೆ ಫೋನ್ ಹಾಲ್‌ನಲ್ಲಿ ಮಾತಾಡಿದ್ರೆ ಆಗುತ್ತಾ?’ ಎಂದು ಕೇಳಿ.

ನಿಮ್ಮ ಮನೆಗೆ ಎರಡು ಬಗೆಯ ಸದ್ದಿಲ್ಲದ ಹೊತ್ತು ಬೇಕು. ಎಲ್ಲರಿಗೂ ರಾತ್ರಿ ಹತ್ತೂವರೆಯಿಂದ ಬೆಳಗಿನ ಐದರವರೆಗೆ. ರಾತ್ರಿ ಪಾಳಿ ಮುಗಿಸಿ ಬಂದ ದಿನ ಅಕ್ಕನಿಗೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ. ಈ ಎರಡನೆಯದನ್ನೇ ಮನೆಗಳಲ್ಲಿ ಮರೆಯುವುದು. ಅಕ್ಕ ತನ್ನ ಡ್ಯೂಟಿ ಪಟ್ಟಿಯನ್ನು ಫ್ರಿಜ್ ಮೇಲೆ ಅಂಟಿಸಲಿ. ಆ ಹೊತ್ತಿನಲ್ಲಿ ಮಿಕ್ಸಿ, ಕುಕ್ಕರ್ ಸೀಟಿ, ಬಟ್ಟೆ ಒಗೆಯುವ ಸದ್ದು ಇರಬಾರದು, ಚಟ್ನಿ ಅದಕ್ಕೆ ಮುಂಚೆಯೇ ರುಬ್ಬಿಕೊಳ್ಳಬೇಕು. ನೀವು ಐದಕ್ಕೆ ಏಳುವುದಾದರೆ ಅಲಾರಂ ಒಂದೇ ಸಲ ಹೊಡೆಯುವಂತೆ ನೋಡಿಕೊಳ್ಳಿ, ಓದಲು ಟ್ಯೂಬ್‌ಲೈಟ್ ಹಾಕದೆ ಟೇಬಲ್ ಲ್ಯಾಂಪ್ ಬಳಸಿ.

ಕೆಲಸ ಹಂಚುವಾಗ ‘ಎಲ್ಲರೂ ಸೇರಿ ಮಾಡೋಣ’ ಎಂಬ ಮಾತನ್ನು ಒಪ್ಪಿಕೊಳ್ಳಬೇಡಿ. ಎಲ್ಲರ ಕೆಲಸ ಎಂದಾದದ್ದು ಕೊನೆಗೆ ಕೊಳಕು ಸಹಿಸಲಾಗದ ಒಬ್ಬರ ತಲೆಗೇ ಬೀಳುತ್ತದೆ. ಪ್ರತಿ ಕೆಲಸಕ್ಕೂ ಒಂದು ಹೆಸರು, ಒಂದು ಹೊತ್ತು, ಎಲ್ಲಿಗೆ ಮುಗಿಯಿತು ಎಂಬ ಗುರುತು ಇರಲಿ. ‘ಪಾತ್ರೆ ತೊಳೆಯೋದು’ ಎಂದರೆ ಸಾಲದು. ರಾತ್ರಿ ಹತ್ತರೊಳಗೆ ಪಾತ್ರೆ ತೊಳೆದು, ಸಿಂಕಿನ ಜಾಲರಿಯ ಮುಸುರೆ ತೆಗೆದು, ಒಲೆ ಕಟ್ಟೆ ಒರೆಸಿದರೆ ಮುಗಿದಂತೆ. ಅಡುಗೆ ಮಾಡಿದವರಿಗೆ ಅವತ್ತು ಪಾತ್ರೆ ಇಲ್ಲ. ನಲ್ಲಿ ನೀರು ಬಿಡುವ ದಿನ ಹಿಡಿದಿಡುವುದು, ಕಸದ ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವುದು ಆ ಹೊತ್ತಿಗೆ ಮನೆಯಲ್ಲಿರುವವರಿಗೆ ಬರುತ್ತದೆ. ಬಹುಶಃ ಅದು ನೀವೇ. ಹಾಗಾದರೆ ವಾರಕ್ಕೊಮ್ಮೆ ಬಾತ್‌ರೂಮ್ ಉಜ್ಜುವ ಸರದಿಯಿಂದ ನನ್ನನ್ನು ಬಿಡಿ ಎಂದು ನೀವು ಕೇಳುವುದು ನ್ಯಾಯ.

ಸರದಿ ತಪ್ಪುವುದು ಸಾಮಾನ್ಯವಾಗಿ ಶನಿವಾರ. ಜಗಳೂರಿಗೋ ಹರಪನಹಳ್ಳಿಗೋ ಊರಿಗೆ ಹೊರಟವರು ‘ಮುಂದಿನ ವಾರ ಮಾಡ್ತೀನಿ’ ಅನ್ನುತ್ತಾರೆ, ಮುಂದಿನ ವಾರ ಇಂಟರ್ನಲ್ಸ್ ಬರುತ್ತದೆ. ಬಸ್ ಹತ್ತುವ ಮೊದಲೇ ಯಾರ ಜೊತೆ ದಿನ ಬದಲಾಯಿಸಿಕೊಂಡೆ ಎಂದು ಗ್ರೂಪಿನಲ್ಲಿ ಹಾಕುವುದು ಅವರ ಹೊಣೆ.

ನೆಂಟರ ಮಾತನ್ನು ಕೊನೆಗೆ ಇಡಿ, ಅದೇ ನಾಜೂಕಿನದು. ಮನೆ ಮಾಲೀಕರು ಕರಾರಿನಲ್ಲಿ ಏನು ಬರೆಸಿದ್ದಾರೆ ಎಂದು ಮೊದಲೇ ಓದಿಕೊಂಡಿರಿ, ನಿಮ್ಮ ಒಪ್ಪಂದ ಅದನ್ನು ಮೀರುವಂತಿಲ್ಲ. ಆಮೇಲೆ ಬಂದು ಹೋಗುವವರು, ಉಳಿಯುವವರು ಎಂದು ಬೇರೆ ಮಾಡಿ. ಗೆಳತಿ ಬಂದು ಕೂತರೆ ರಾತ್ರಿ ಹತ್ತರೊಳಗೆ ಹೊರಡಲಿ. ಅಪ್ಪ, ತಮ್ಮ ಬಂದರೆ ಹಾಲ್‌ನಲ್ಲಿ ಕೂರಲಿ, ಒಂದು ದಿನ ಮುಂಚೆ ತಿಳಿಸಿರಿ. ರಾತ್ರಿ ಉಳಿಯುವುದು ಹೆಂಗಸರು ಮಾತ್ರ, ಅದೂ ಎರಡು ರಾತ್ರಿ. ಮೂರನೆಯದಕ್ಕೆ ಮೂವರನ್ನೂ ಕೇಳಬೇಕು.

ದಾವಣಗೆರೆಯಲ್ಲಿ ಇದಕ್ಕೊಂದು ವಿನಾಯಿತಿ ಬೇಕೇ ಬೇಕು. ಸುತ್ತಲ ಹಳ್ಳಿಗಳಿಂದ ಆಸ್ಪತ್ರೆಗೆಂದು ಅವ್ವ, ಚಿಕ್ಕಮ್ಮ ಬರುತ್ತಾರೆ, ಚಿಕಿತ್ಸೆ ಎರಡು ದಿನಕ್ಕೆ ಮುಗಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಲೆಕ್ಕ ಹಿಡಿಯುವುದು ಕ್ರೂರ. ಆದರೆ ಮಾತಿಲ್ಲದೆ ಬಿಟ್ಟರೂ ಒಳಗೊಳಗೇ ಕುದಿಯುತ್ತದೆ. ಐದು ದಿನದವರೆಗೆ ಸರಿ, ಹಾಸಿಗೆಯನ್ನೂ ದಿನಸಿಯನ್ನೂ ಕರೆತಂದವರು ನೋಡಿಕೊಳ್ಳುತ್ತಾರೆ, ಸ್ನಾನಕ್ಕೆ ಕಾಲೇಜಿಗೆ ಹೋಗುವವರು ಮೊದಲು ಎಂದು ಈಗಲೇ ಮಾತಾಡಿಕೊಳ್ಳಿ. ಬಂದವರೆದುರು ಇದನ್ನು ಹೇಳಲಾಗುವುದಿಲ್ಲ.

ಒಪ್ಪಿದ್ದನ್ನು ಅವತ್ತೇ ಗ್ರೂಪಿನಲ್ಲಿ ಬರೆದು ಪಿನ್ ಮಾಡಿ. ‘ಆಯ್ತು ಬಿಡ್ರಿ’ ಎಂದಷ್ಟೇ ಅಂದವರನ್ನು ‘ನಿಮಗೆ ಯಾವುದು ಕಷ್ಟ ಆಗುತ್ತೆ?’ ಎಂದು ಮತ್ತೊಮ್ಮೆ ಕೇಳಿ. ಮುಂದಿನ ತಿಂಗಳ ಬಾಡಿಗೆ ಕೂಡಿಸುವ ದಿನವೇ ಪಟ್ಟಿಯನ್ನು ಮತ್ತೆ ತೆರೆಯಿರಿ. ಒಂದೇ ಕೆಲಸ ಮೂರು ಸಲ ತಪ್ಪಿದ್ದರೆ ಮೊದಲು ಅದರ ಹೊತ್ತನ್ನು ಬದಲಾಯಿಸಿ ನೋಡಿ, ಆಮೇಲೂ ತಪ್ಪಿದರೆ ಆ ಒಬ್ಬರ ಹತ್ತಿರ ಬೇರೆಯಾಗಿ ಮಾತಾಡಿ, ಗ್ರೂಪಿನಲ್ಲಿ ಬೇಡ.